ರೂಟ್ ಎರಡು ಸಲ ಬಂದರೆ ಆ n ಎಲ್ಲಿಂದ ಬರುತ್ತೆ?

ಪ್ರಶ್ನೆ: ಸರ್, ನನ್ನೂರು ಗಂಗಾವತಿ. ಬಳ್ಳಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ ಓದ್ತಿದ್ದೀನಿ. ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ aₙ = 6aₙ₋₁ − 9aₙ₋₂, a₀ = 2, a₁ = 12 ಅಂತ ಒಂದು ರಿಕರೆನ್ಸ್ ಲೆಕ್ಕ ಇತ್ತು. ಕ್ಯಾರೆಕ್ಟರಿಸ್ಟಿಕ್ ಈಕ್ವೇಶನ್ r² − 6r + 9 = 0 ಬಿಡಿಸಿದಾಗ ರೂಟ್ 3, 3 ಬಂತು. ನಾನು A·3ⁿ + B·3ⁿ ಅಂತ ಬರೆದೆ. A, B ಸಿಗಲೇ ಇಲ್ಲ. ಕ್ಲಾಸಲ್ಲಿ ಕೇಳಿದ್ರೆ ಎರಡನೇದಕ್ಕೆ n ಗುಣಿಸು, ಅದು ರೂಲ್ ಅಂದ್ರು. ಆದ್ರೆ a₁ = 6 ಇದ್ದ ಇನ್ನೊಂದು ಲೆಕ್ಕಕ್ಕೆ ನನ್ನ ಫಾರ್ಮ್‌ನಲ್ಲೇ ಉತ್ತರ ಸರಿ ಬಂತು! ಬಲಗಡೆ 3ⁿ ಇದ್ರೆ n² ಹಾಕ್ಬೇಕು ಅಂತ ಸೀನಿಯರ್ ಒಬ್ರು ಬೇರೆ ಹೇಳ್ತಾರೆ. ಈ n ಯಾಕೆ, ಎಷ್ಟು ಸಲ, ಯಾವಾಗ? ಬಾಯಿಪಾಠ ಮಾಡಿದ್ರೆ ಪರೀಕ್ಷೆ ಹಾಲ್‌ನಲ್ಲಿ ಮರೆತು ಹೋಗುತ್ತೆ ಸರ್.

ಉತ್ತರ: ಮೊದಲು ನಿಮಗೆ ಅಡ್ಡ ಬಂದ ಜಾಗಕ್ಕೇ ಹೋಗೋಣ. ನಿಮ್ಮ ಫಾರ್ಮ್‌ನಲ್ಲಿ n = 0 ಹಾಕಿದರೆ A + B = 2. n = 1 ಹಾಕಿದರೆ 3A + 3B = 12, ಅಂದರೆ A + B = 4. ಒಂದೇ ಮೊತ್ತ 2 ಕೂಡ ಆಗಬೇಕು, 4 ಕೂಡ ಆಗಬೇಕು. ಆಗಲ್ಲ. ಇಲ್ಲಿ ನಿಮ್ಮ ಕೂಡು-ಕಳೆ ತಪ್ಪಿಲ್ಲ, ಫಾರ್ಮೇ ಸಾಲಲಿಲ್ಲ.

ಯಾಕೆ ಸಾಲಲಿಲ್ಲ? A·3ⁿ + B·3ⁿ ಅಂದರೆ (A + B)·3ⁿ. ಅಕ್ಷರ ಎರಡು ಕಾಣುತ್ತೆ, ಆದರೆ ನಿಮ್ಮ ಕೈಯಲ್ಲಿ ಇರೋದು ಒಂದೇ ಸಂಖ್ಯೆ. ಒಂದೇ ಅಕೌಂಟಿಗೆ ಎರಡು ಪಾಸ್‌ಬುಕ್ ಮಾಡಿಸಿದ ಹಾಗೆ, ದುಡ್ಡು ಡಬಲ್ ಆಗಲ್ಲ. ಈ ರಿಕರೆನ್ಸ್‌ನಲ್ಲಿ a₀, a₁ ಎರಡನ್ನೂ ನಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಅವೆರಡು ಗೊತ್ತಾದರೆ ಮುಂದಿನದ್ದೆಲ್ಲ ತಾನಾಗೇ ಬರುತ್ತೆ. ಹಾಗಾಗಿ ಜನರಲ್ ಉತ್ತರದಲ್ಲೂ ಒಂದರ ಹಂಗು ಇನ್ನೊಂದಕ್ಕಿಲ್ಲದ ಎರಡು ಅಕ್ಷರ ಬೇಕು. ನಿಮ್ಮ ಹತ್ತಿರ ಒಂದೇ ಇತ್ತು.

ನಿಮ್ಮ a₁ = 6 ಲೆಕ್ಕದ ಗುಟ್ಟೂ ಇದೇ. ಬರೀ K·3ⁿ ಇರೋ ಸರಣಿಯಲ್ಲಿ a₁ ಯಾವಾಗಲೂ a₀ದ ಮೂರು ಪಟ್ಟು. ನಿಮಗೆ ಕೊಟ್ಟ 2 ಮತ್ತು 6 ಅದೃಷ್ಟಕ್ಕೆ ಹಾಗೇ ಇದ್ದವು. ಅಲ್ಲಿ ಸರಿಯಾದ ಫಾರ್ಮ್ ಬರೆದಿದ್ದರೂ B = 0 ಬಂದು n ಇರೋ ಭಾಗ ತಾನಾಗೇ ಬಿದ್ದು ಹೋಗ್ತಿತ್ತು. ಇಂಥ ಲೆಕ್ಕ ಬಹಳ ಅಪಾಯ. ತಪ್ಪು ವಿಧಾನಕ್ಕೆ ಸರಿ ಉತ್ತರ ಸಿಕ್ಕಿದರೆ ಆ ತಪ್ಪು ಪರೀಕ್ಷೆವರೆಗೂ ಬದುಕಿರುತ್ತೆ. a₁ ಮತ್ತು a₀ಗಳ ಅನುಪಾತ ರೂಟ್‌ಗೇ ಸಮ ಇದೆಯಾ ಅಂತ ಒಂದು ಸಲ ನೋಡಿದರೆ ಸಾಕು, ಇದು ಗೊತ್ತಾಗುತ್ತೆ.

ಈಗ n ಎಲ್ಲಿಂದ ಬರುತ್ತೆ ಅಂತ ನೋಡೋಣ. ಇದನ್ನು ಪುಸ್ತಕಗಳಲ್ಲಿ ಡೆರಿವೇಟಿವ್ ತೆಗೆದು ತೋರಿಸೋದುಂಟು. ತಪ್ಪಲ್ಲ. ಆದರೆ ನಮ್ಮ ರಾಯಚೂರು, ಕೊಪ್ಪಳ ಕಡೆಯಿಂದ ಬರುವ ಎಷ್ಟೋ ಹುಡುಗರು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಅವರಿಗೆ ನಾನು ಹತ್ತನೇ ಕ್ಲಾಸಿನ ಸಮಾಂತರ ಶ್ರೇಢಿಯಿಂದಲೇ ಹೇಳಿಕೊಡ್ತೀನಿ. ಅಷ್ಟೇ ಸಾಕಾಗುತ್ತೆ, ನೋಡಿ.

ನಿಮ್ಮ ಸರಣಿಯನ್ನು ರಿಕರೆನ್ಸ್‌ನಿಂದಲೇ ಬಿಡಿಸಿ ಬರೆಯಿರಿ. a₂ = 6·12 − 9·2 = 54. a₃ = 6·54 − 9·12 = 216. a₄ = 6·216 − 9·54 = 810. ಈಗ ಒಂದೊಂದನ್ನೂ ಅದರದ್ದೇ 3ⁿನಿಂದ ಭಾಗಿಸಿ:

```
n         0    1    2    3    4
aₙ        2   12   54  216  810
3ⁿ        1    3    9   27   81
aₙ / 3ⁿ   2    4    6    8   10
```

ಕೊನೆ ಸಾಲು ನೋಡಿದ್ರಾ? 2, 4, 6, 8, 10. ಅಪ್ಪಟ ಸಮಾಂತರ ಶ್ರೇಢಿ. ಅದರ n‌ನೇ ಪದ 2 + 2n. ಹಾಗಾದ್ರೆ aₙ = (2 + 2n)·3ⁿ. ಮುಗೀತು, ನಿಮ್ಮ ಲೆಕ್ಕದ ಉತ್ತರವೇ ಇದು. ಸಮಾಂತರ ಶ್ರೇಢಿ ಅಂದಮೇಲೆ ಅದರ ಫಾರ್ಮುಲಾದಲ್ಲಿ n ಇದ್ದೇ ಇರುತ್ತೆ ಅಲ್ವಾ? ಯಾರೋ ತಂದು ಅಂಟಿಸಿದ n ಅಲ್ಲ ಅದು.

ಇದು ಕಾಕತಾಳೀಯ ಅಲ್ಲ ಅನ್ನೋದಕ್ಕೆ aₙ = 3ⁿ·bₙ ಅಂತ ಬರೆದು ರಿಕರೆನ್ಸ್‌ಗೆ ಹಾಕಿ. 3ⁿbₙ = 6·3ⁿ⁻¹bₙ₋₁ − 9·3ⁿ⁻²bₙ₋₂ ಬರುತ್ತೆ. ಎಲ್ಲ ಕಡೆ 3ⁿನಿಂದ ಭಾಗಿಸಿ. ಉಳಿಯೋದು bₙ = 2bₙ₋₁ − bₙ₋₂. ಇದನ್ನೇ ಸ್ವಲ್ಪ ಆಚೀಚೆ ಮಾಡಿ:

bₙ − bₙ₋₁ = bₙ₋₁ − bₙ₋₂

ಈ ಸಲದ ವ್ಯತ್ಯಾಸ ಹೋದ ಸಲದ ವ್ಯತ್ಯಾಸಕ್ಕೆ ಸಮ ಅಂತ ಇದು ಹೇಳ್ತಿದೆ. ಅದೇ ಸಮಾಂತರ ಶ್ರೇಢಿ. bₙ = A + Bn ಬಿಟ್ಟು ಬೇರೆ ದಾರಿಯೇ ಇಲ್ಲ. ನೀವು a₀, a₁ ಏನೇ ಕೊಡಿ, (A + Bn)·3ⁿ ಒಳಗೆ ಅದು ಬಂದೇ ಬರುತ್ತೆ.

ರೂಟ್ ಬೇರೆ ಬೇರೆ ಇದ್ದಾಗ ಯಾಕೆ ಹೀಗೆ ಆಗಲ್ಲ ಅಂತ ಕೇಳಬೇಕು, ಕೇಳಿದರೇನೇ ವಿಷಯ ಪೂರ್ತಿ ಕೂರೋದು. aₙ = 5aₙ₋₁ − 6aₙ₋₂ ತಗೊಳ್ಳಿ, ರೂಟ್ 3 ಮತ್ತು 2. ಇದನ್ನೂ ಹಾಗೇ 3ⁿನಿಂದ ಭಾಗಿಸಿ ಸರಿಮಾಡಿದರೆ ಈ ಸಲದ ವ್ಯತ್ಯಾಸ = (2/3) × ಹೋದ ಸಲದ ವ್ಯತ್ಯಾಸ ಅಂತ ಬರುತ್ತೆ. ವ್ಯತ್ಯಾಸಗಳು ಪ್ರತಿ ಹೆಜ್ಜೆಗೂ ಮೂರರಲ್ಲಿ ಎರಡು ಪಾಲಿಗೆ ಇಳೀತಾ ಹೋಗ್ತವೆ, ಅದರಿಂದ 2ⁿ ಇರೋ ಭಾಗ ಹುಟ್ಟುತ್ತೆ. ಆ 2/3 ಅನ್ನೋದು ಇನ್ನೊಂದು ರೂಟ್ ಬಾರ್ ಈ ರೂಟ್. ಈಗ ಇನ್ನೊಂದು ರೂಟನ್ನು ಮೆಲ್ಲಗೆ 3ರ ಹತ್ತಿರ ತನ್ನಿ. ಅದು 2.99 ಆದರೆ ವ್ಯತ್ಯಾಸ ಪ್ರತಿ ಸಲ 0.9967ರಷ್ಟು ಪಟ್ಟು, ಅಂದರೆ ಕಡಿಮೆ ಆಗಿದ್ದೇ ಗೊತ್ತಾಗಲ್ಲ. ಸರಿಯಾಗಿ 3 ಆದಾಗ 3/3 = 1, ವ್ಯತ್ಯಾಸ ಅಲುಗಾಡದೆ ನಿಂತುಬಿಡುತ್ತೆ. ರಿಪೀಟೆಡ್ ರೂಟ್ ಅಂದರೆ ಇಷ್ಟೇ. ಬೇರೆ ಜಾತಿಯ ಲೆಕ್ಕ ಏನಲ್ಲ, ಅದೇ ಲೆಕ್ಕದ ತುದಿ.

ಲ್ಯಾಬ್‌ನಲ್ಲಿ ಕೂತಾಗ ಇದನ್ನು ಒಮ್ಮೆ ಓಡಿಸಿ ನೋಡಿ:

```
a = [2, 12]
for n in range(2, 8):
    a.append(6*a[-1] - 9*a[-2])
print([a[n] / 3**n for n in range(8)])
```

2.0, 4.0, 6.0 ಅಂತ ಶುರುವಾಗಿ 16.0ವರೆಗೆ ಬರುತ್ತೆ. ಮೊದಲ ಸಾಲಿನ 2, 12 ಬದಲು ಬೇರೆ ಏನಾದರೂ ಹಾಕಿ, ಹೆಜ್ಜೆ ಬದಲಾಗಬಹುದು, ಆದರೆ ಹೆಜ್ಜೆ ಒಂದೇ ಅಳತೆಯದ್ದಾಗಿರುತ್ತೆ. ಆಮೇಲೆ 6, 9 ಬದಲು 5, 6 ಹಾಕಿ, ಆ ಶಿಸ್ತು ಒಡೆದು ಹೋಗೋದು ಕಾಣುತ್ತೆ. (ಭಾಗಾಕಾರದಲ್ಲಿ ಎಲ್ಲೋ 0.6666 ಥರ ದಶಾಂಶ ಬಂದರೆ ಗಾಬರಿ ಬೇಡ.)

ಇದೆಲ್ಲ ಸುಮ್ನೆ ಪುಸ್ತಕಕ್ಕೆ ಕಟ್ಟಿದ ಲೆಕ್ಕ ಅನ್ನಿಸಿದರೆ ನಿಮ್ಮದೇ ವಿಷಯದಿಂದ ಒಂದು ಕೊಡ್ತೀನಿ. n ಬಿಟ್ ಉದ್ದದ ಎಲ್ಲ ಬೈನರಿ ಸ್ಟ್ರಿಂಗ್‌ಗಳನ್ನೂ ಬರೆದರೆ ಅದರಲ್ಲಿ ಒಟ್ಟು ಎಷ್ಟು 1 ಇರುತ್ತೆ? ಎರಡು ಬಿಟ್‌ಗೆ 00, 01, 10, 11. ಒಟ್ಟು ನಾಲ್ಕು. ಮೂರು ಬಿಟ್‌ಗೆ ಎಣಿಸಿ ನೋಡಿ, ಹನ್ನೆರಡು. ಈಗ n ಬಿಟ್‌ನ ಒಟ್ಟನ್ನು tₙ ಅನ್ನೋಣ. n − 1 ಬಿಟ್‌ನ ಪ್ರತಿ ಸ್ಟ್ರಿಂಗಿನ ಕೊನೆಗೆ ಒಮ್ಮೆ 0, ಒಮ್ಮೆ 1 ಸೇರಿಸಿದರೆ n ಬಿಟ್‌ನವು ಎಲ್ಲ ಬರುತ್ತವೆ. ಹಳೇ 1ಗಳು ಎರಡೆರಡು ಸಲ ಲೆಕ್ಕಕ್ಕೆ ಬಂದವು, ಹೊಸದಾಗಿ ಸೇರಿಸಿದ 1ಗಳು 2ⁿ⁻¹. ಹಾಗಾಗಿ tₙ = 2tₙ₋₁ + 2ⁿ⁻¹. ಆ 2ⁿ⁻¹ ಅನ್ನು ತೊಲಗಿಸಿದರೆ tₙ = 4tₙ₋₁ − 4tₙ₋₂ ಆಗುತ್ತೆ, ರೂಟ್ 2, 2. t₀ = 0, t₁ = 1 ಹಾಕಿದರೆ tₙ = (n/2)·2ⁿ. ಇಲ್ಲಿ n ಏನು ಅಂತ ಕೈಯಲ್ಲಿ ಮುಟ್ಟಿ ತೋರಿಸಬಹುದು: ಒಟ್ಟು 2ⁿ ಸ್ಟ್ರಿಂಗ್, ಒಂದೊಂದರಲ್ಲೂ n ಜಾಗ, ಸರಾಸರಿ ಅರ್ಧ ಜಾಗದಲ್ಲಿ 1. n = 3ಕ್ಕೆ 1.5 × 8 = 12, ಸರಿಯಾಯ್ತಲ್ಲ.

ಇನ್ನು ಹುಡುಗರ ಬಾಯಲ್ಲಿ ಓಡಾಡೋ ಕೆಲವು ಮಾತು.

"ಅನುಮಾನ ಬಂದರೆ ಒಂದು n ಜಾಸ್ತಿ ಹಾಕು" ಅಂತಾರೆ. ಬೇಡ. ರೂಟ್ ಎರಡು ಸಲ ಬಂದಾಗ n²·3ⁿ ಉತ್ತರವೇ ಅಲ್ಲ. 3ⁿ ತೆಗೆದುಬಿಟ್ಟು ನೋಡಿ, ಉಳಿಯೋದು 0, 1, 4, 9. ವ್ಯತ್ಯಾಸ 1, 3, 5. ಒಂದೇ ಸಮ ಇಲ್ಲ, ಆದ್ದರಿಂದ ನಮ್ಮ ರಿಕರೆನ್ಸ್‌ಗೆ ಹೊಂದಲ್ಲ. ವ್ಯತ್ಯಾಸದ ವ್ಯತ್ಯಾಸ ಮಾತ್ರ ಒಂದೇ ಸಮ 2 ಇದೆ, ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತೆ. ಮೂರನೇ ಆರ್ಡರ್ ರಿಕರೆನ್ಸ್ ಇದ್ದು ರೂಟ್ ಮೂರು ಸಲ ಬಂದರೆ ಆಗ n² ತನಕ ಹೋಗಬಹುದು, (A + Bn + Cn²)·3ⁿ.

ಇನ್ನೊಂದು, A·3ⁿ + Bn ಅಂತ ಬರೆಯೋದು. ಉತ್ತರಪತ್ರಿಕೆಗಳಲ್ಲಿ ನಾನು ಇದನ್ನು ಬಹಳ ನೋಡ್ತೀನಿ. ಇದಕ್ಕೆ ಕಾರಣವೂ ಇದೆ. ಕ್ಲಾಸಲ್ಲಿ ಮೊದಲು ಮಾಡಿಸೋ ಲೆಕ್ಕ ಹಲವು ಸಲ aₙ = 2aₙ₋₁ − aₙ₋₂ ಆಗಿರುತ್ತೆ, ರೂಟ್ 1, 1, ಉತ್ತರ A + Bn. ಅಲ್ಲಿ 1ⁿ ಅಂದರೆ 1 ಆದ್ದರಿಂದ ಅದು ಕಣ್ಣಿಗೆ ಬೀಳಲ್ಲ. ಹುಡುಗರು "ಎರಡನೇದು Bn" ಅಂತ ತಲೇಲಿ ಇಟ್ಕೊಂಡು ರೂಟ್ 3 ಇದ್ದಾಗಲೂ ಅದನ್ನೇ ಬರೀತಾರೆ. ನಿಮ್ಮ ಲೆಕ್ಕಕ್ಕೆ ಹಾಗೆ ಬರೆದರೆ A = 2, B = 6 ಅಂತ ನೀಟಾಗಿ ಸಿಕ್ಕಿಬಿಡುತ್ತೆ! ವಿರೋಧವೇ ಕಾಣಲ್ಲ. ಆದರೆ n = 2 ಹಾಕಿದರೆ 18 + 12 = 30, ನಿಜವಾದ a₂ 54. A, B ಸಿಕ್ಕಿತು ಅನ್ನೋದೇ ಸರಿ ಉತ್ತರಕ್ಕೆ ಗುರುತಲ್ಲ. ಎರಡು ಕಂಡಿಷನ್‌ನಿಂದ ಎರಡು ಅಕ್ಷರ ಹುಡುಕಿದಮೇಲೆ, ನೀವು ಬಳಸದೇ ಬಿಟ್ಟ a₂ನಿಂದಲೇ ಪರೀಕ್ಷೆ ಮಾಡಬೇಕು. a₀, a₁ ಹಾಕಿ ಚೆಕ್ ಮಾಡಿದರೆ ಪ್ರಯೋಜನ ಇಲ್ಲ, ಅವನ್ನು ಬಳಸಿಯೇ ಅಲ್ವಾ A, B ತೆಗೆದದ್ದು.

ರೂಟ್ ಮೈನಸ್ ಇದ್ದರೆ ಬ್ರಾಕೆಟ್ ಬಿಡಬೇಡಿ. aₙ = −6aₙ₋₁ − 9aₙ₋₂ ಗೆ ರೂಟ್ −3, −3. ಉತ್ತರ (A + Bn)(−3)ⁿ. ಬ್ರಾಕೆಟ್ ಇಲ್ಲದೆ −3² ಅಂತ ಕ್ಯಾಲ್ಕುಲೇಟರ್‌ಗೆ ಒತ್ತಿದರೆ ಅದು −9 ಕೊಡುತ್ತೆ, ನಿಮಗೆ ಬೇಕಿದ್ದು 9.

ಈಗ ನಿಮ್ಮ ಸೀನಿಯರ್ ಮಾತಿಗೆ ಬರೋಣ. ಅವರು ಹೇಳಿದ್ದು ಈ ಲೆಕ್ಕಕ್ಕೆ ಸರಿ, ಎಲ್ಲ ಲೆಕ್ಕಕ್ಕೂ ಅಲ್ಲ. aₙ = 6aₙ₋₁ − 9aₙ₋₂ + 3ⁿ ಅಂತ ಇರಲಿ, ಅದೇ a₀ = 2, a₁ = 12. ಪರ್ಟಿಕ್ಯುಲರ್ ಸೊಲ್ಯೂಷನ್‌ಗೆ C·3ⁿ ಟ್ರೈ ಮಾಡಿದರೆ ಎಡಗಡೆ, ಬಲಗಡೆ ಎಲ್ಲ ಹೊಡೆದು ಹೋಗಿ 0 = 3ⁿ ಉಳಿಯುತ್ತೆ. Cn·3ⁿ ಹಾಕಿದರೂ ಅದೇ ಗತಿ. ಯಾಕಂದರೆ ಇವೆರಡೂ ಬಲಗಡೆ ಸೊನ್ನೆ ಇರೋ ರಿಕರೆನ್ಸ್‌ಗೆ ಉತ್ತರ ಅಂತ ಆಗಲೇ ನೋಡಿದ್ವಿ. ಸೊನ್ನೆ ಕೊಡೋದಕ್ಕೆ ಹುಟ್ಟಿದವು 3ⁿ ಎಲ್ಲಿಂದ ಕೊಡ್ತವೆ?

ಇಲ್ಲೂ 3ⁿನಿಂದ ಭಾಗಿಸೋ ಉಪಾಯವೇ ದಾರಿ ತೋರಿಸುತ್ತೆ. ಭಾಗಿಸಿದಮೇಲೆ bₙ − 2bₙ₋₁ + bₙ₋₂ = 1. ಅಂದರೆ ವ್ಯತ್ಯಾಸದ ವ್ಯತ್ಯಾಸ ಒಂದೇ ಸಮ 1 ಇರಬೇಕು. n²ಗೆ ಅದು 2 ಅಂತ ಮೇಲೆ ಎಣಿಸಿದ್ವಿ, ಹಾಗಾದರೆ n²/2 ಗೆ 1. C = 1/2, ಒಂದು ಸಾಲಿನಲ್ಲಿ ಮುಗೀತು. ಪೂರ್ತಿ ಉತ್ತರ aₙ = (A + Bn + n²/2)·3ⁿ.

ಇಲ್ಲಿ ಒಂದು ಗುಂಡಿ ಇದೆ, ಜಾಸ್ತಿ ಜನ ಬೀಳೋದು ಇಲ್ಲೇ. ಹಿಂದಿನ ಲೆಕ್ಕದಲ್ಲಿ A = 2, B = 2 ಬಂದಿತ್ತಲ್ಲ, ಅದನ್ನೇ ಇಟ್ಟುಕೊಂಡು ಕೊನೆಗೆ n²/2 ಸೇರಿಸಿಬಿಡ್ತಾರೆ. ಆಗ a₁ = (2 + 2 + 0.5)·3 = 13.5 ಆಗುತ್ತೆ, ಕೊಟ್ಟಿದ್ದು 12. ಕಂಡಿಷನ್ ಪೂರ್ತಿ ಉತ್ತರಕ್ಕೆ ಸೇರಿದ್ದು, ಅದರ ಅರ್ಧ ಭಾಗಕ್ಕಲ್ಲ. ಹಾಗಾಗಿ n²/2 ಸೇರಿಸಿ ಆದಮೇಲೆಯೇ A, B ಹುಡುಕಿ. n = 0 ಕ್ಕೆ A = 2. n = 1 ಕ್ಕೆ 3(2 + B + 1/2) = 12, ಅಂದರೆ B = 3/2. ಪರೀಕ್ಷೆ: ರಿಕರೆನ್ಸ್‌ನಿಂದ a₂ = 72 − 18 + 9 = 63. ಫಾರ್ಮುಲಾದಿಂದ (2 + 3 + 2)·9 = 63. ಕೂತಿತು.

ಬಲಗಡೆ 3ⁿ ಬದಲು 2ⁿ ಇದ್ದಿದ್ದರೆ? 2 ಇಲ್ಲಿ ರೂಟ್ ಅಲ್ಲ. ಸುಮ್ನೆ C·2ⁿ ಹಾಕಿ, n ಏನೂ ಬೇಡ. ಬಲಗಡೆಯ ಬೇಸ್ ಎಷ್ಟು ಸಲ ರೂಟ್ ಆಗಿ ಬಂದಿದೆಯೋ ಅಷ್ಟು n ಗುಣಿಸಬೇಕು: ಸೊನ್ನೆ ಸಲ ಆದರೆ ಸೊನ್ನೆ, ಎರಡು ಸಲ ಆದರೆ n². ಸೀನಿಯರ್ ಹೇಳದೆ ಬಿಟ್ಟಿದ್ದು ಈ ಅರ್ಧ.

ಪರೀಕ್ಷೆಯಲ್ಲಿ ಯಾವ ದಾರಿ ಹಿಡೀಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ಹೇಳ್ತೀನಿ. ಕ್ಯಾರೆಕ್ಟರಿಸ್ಟಿಕ್ ಈಕ್ವೇಶನ್ ಬರೆದು ನೇರ (A + Bn)·rⁿ ಅಂತ ಹಾಕೋದು ಎಲ್ಲಕ್ಕಿಂತ ಬೇಗ, ಪೇಪರ್ ನೋಡುವವರೂ ಅದನ್ನೇ ಹುಡುಕ್ತಾರೆ. ಅದರ ಅಪಾಯ ಅಂದರೆ ಮರೆವು, ನಿಮಗೆ ಆದ ಹಾಗೆ. ಭಾಗಿಸೋ ವಿಧಾನ ಮರೆವಿಗೆ ಔಷಧ, ಆದರೆ ಅದನ್ನೇ ಮುಖ್ಯ ಉತ್ತರವಾಗಿ ಬರೆಯೋದಾದರೆ bₙ ಅಂದರೆ ಏನು ಅಂತ ಒಂದು ಸಾಲು ಬರೆದು ಶುರು ಮಾಡಿ, ಇಲ್ಲದಿದ್ದರೆ ನೋಡುವವರಿಗೆ ತಲೆಬುಡ ಗೊತ್ತಾಗಲ್ಲ. ರೂಟ್ ಬೇರೆ ಬೇರೆ ಇದ್ದಾಗ ಭಾಗಿಸೋಕೆ ಹೋಗಬೇಡಿ, ಭಿನ್ನರಾಶಿಯಲ್ಲಿ ಟೈಮ್ ಹೋಗುತ್ತೆ. ಜನರೇಟಿಂಗ್ ಫಂಕ್ಷನ್‌ನಿಂದ ಮಾಡಿ ಅಂತ ಪ್ರಶ್ನೆಯಲ್ಲೇ ಇದ್ದರೆ ಮಾತ್ರ ಅದನ್ನು ಹಿಡಿಯಿರಿ. ನಿಮ್ಮ ಮೊದಲ ಲೆಕ್ಕಕ್ಕೆ ಅದು 2/(1 − 3x)² ಆಗುತ್ತೆ. ಅದರ xⁿ ಗುಣಾಂಕ 2(n + 1)·3ⁿ, ನಮ್ಮ (2 + 2n)·3ⁿ ತಾನೆ. ಅಲ್ಲಿ n + 1 ಬದಲು n ಬರೆಯೋ ತಪ್ಪು ಬಹಳ ಸುಲಭವಾಗಿ ಆಗುತ್ತೆ, n = 0 ಹಾಕಿ 2 ಬಂತಾ ನೋಡಿ.

ಮತ್ತೆ ಪ್ರಶ್ನೆಯಲ್ಲಿ a₀ ಕೊಡದೆ a₁, a₂ ಕೊಟ್ಟಿದ್ದರೆ A ನೇರವಾಗಿ ಸಿಗಲ್ಲ, ಎರಡು ಸಮೀಕರಣ ಬಿಡಿಸಬೇಕಾಗುತ್ತೆ. ಅಂಥ ಕಡೆ ರಿಕರೆನ್ಸನ್ನೇ ಹಿಂದಕ್ಕೆ ಓಡಿಸಿ a₀ ತೆಗೆದುಕೊಳ್ಳಿ: 9a₀ = 6a₁ − a₂. a₁ = 12, a₂ = 54 ಕೊಟ್ಟಿದ್ದರೆ 9a₀ = 18, a₀ = 2. ಆಮೇಲೆ ಮೊದಲಿನ ಹಾಗೇ. ಬಲಗಡೆ 3ⁿ ಇದ್ದರೆ ಮಾತ್ರ ಹಿಂದಕ್ಕೆ ಹೋಗುವಾಗ n = 2ರ ಆ 9 ಅನ್ನೂ ಮರೆಯದೆ ಸೇರಿಸಿ, 9a₀ = 6a₁ − a₂ + 9.